ಮನೆಯವರ ಮೇಲೆ ಕೂಗಾಡಿದ ಮೇಲೆ ಇಷ್ಟು ನಾಚಿಕೆ ಆಗತ್ತೆ, ಆದ್ರೂ ಯಾಕೆ ಮತ್ತೆ ಅದೇ ಆಗತ್ತೆ?

ಪ್ರಶ್ನೆ: ಮೇಡಂ, ನನಗೆ 37 ವರ್ಷ. ಆಫೀಸಲ್ಲಿ ನನ್ನಷ್ಟು ತಾಳ್ಮೆ ಇರೋರು ಇಲ್ಲ ಅಂತಾರೆ, ಮನೆಗೆ ಬಂದ್ರೆ ನಾನು ಬೇರೇನೇ ಮನುಷ್ಯ. ಹೋದ ವಾರ 8 ವರ್ಷದ ಮಗಳು ಒಂದೇ ಲೆಕ್ಕನ ಮೂರನೇ ಸಲ ತಪ್ಪು ಮಾಡಿದ್ಲು, ಅಷ್ಟೇ, ಪುಸ್ತಕ ಕಿತ್ಕೊಂಡು ಗೋಡೆಗೆ ಎಸೆದೆ, ತಡೆಯೋಕೆ ಬಂದ ಹೆಂಡತಿ ಮೇಲೂ ಕೂಗಾಡಿದೆ. ಯಾವತ್ತೂ ಕೈ ಮಾಡಿಲ್ಲ. ಹತ್ತು ನಿಮಿಷ ಆದ್ಮೇಲೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅತ್ತೆ. ಆಮೇಲೆ ಎರಡು ದಿನ ಯಾರ ಮುಖನೂ ನೋಡಕ್ಕಾಗಲ್ಲ, ನನ್ನ ಮೇಲೆ ನನಗೇ ಅಸಹ್ಯ. ತಿಂಗಳಿಗೆ ಮೂರ್ನಾಲ್ಕು ಸಲ ಹೀಗೇ. ಈಗ ಮಗಳು ಏನೇ ಕೇಳೋ ಮುಂಚೆ "ಅಪ್ಪಾ, ನಿಂಗೆ ಕೋಪ ಬಂದಿದ್ಯಾ?" ಅಂತ ಕೇಳ್ತಾಳೆ. ನಮ್ಮಪ್ಪನೂ ಹೀಗೇ ಇದ್ರು, ಇದು ರಕ್ತದಲ್ಲೇ ಬಂದಿರೋದಾ? ಫ್ರೆಂಡ್ ಒಬ್ಬ ದಿಂಬಿಗೆ ಗುದ್ದು, ಸಿಟ್ಟು ಹೊರಗೆ ಹೋಗತ್ತೆ ಅಂದ, ಅದೂ ಮಾಡಿ ನೋಡಿದೆ. ಇಷ್ಟೆಲ್ಲಾ ನಾಚಿಕೆ ಆದ್ರೂ ಯಾಕೆ ಮತ್ತೆ ಮತ್ತೆ ಮಾಡ್ತೀನಿ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಉಳಿದ ಎಲ್ಲಾ ಪ್ರಶ್ನೆಗಳ ಬೇರು ಅದರಲ್ಲೇ ಇದೆ. "ಇಷ್ಟು ನಾಚಿಕೆ ಆದ್ರೂ" ಅಂತ ಬರೆದಿದೀರಲ್ಲ, ಅಲ್ಲಿ ಒಂದು ನಂಬಿಕೆ ಇದೆ, ನಾಚಿಕೆ ಅನ್ನೋದು ಬ್ರೇಕ್ ಇದ್ದ ಹಾಗೆ, ಜಾಸ್ತಿ ನಾಚಿಕೆ ಆದ್ರೆ ಮುಂದಿನ ಸಲ ನಾನು ತಡ್ಕೋತೀನಿ ಅಂತ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಹದಿನೇಳು ವರ್ಷದಿಂದ ನಿಮ್ಮಂಥ ಅಪ್ಪಂದಿರು ಅಮ್ಮಂದಿರು ಗಂಡ ಹೆಂಡತಿ ಎಲ್ಲರ ಜೊತೆ ಕೂತಿದೀನಿ, ನಾನು ನೋಡಿರೋದು ಇದರ ಉಲ್ಟಾ. ನಿಮಗಾಗೋ ಥರದ ನಾಚಿಕೆ ಮುಂದಿನ ಸಿಟ್ಟಿಗೆ ಸೌದೆ ಒಟ್ಟಿ ಇಟ್ಟ ಹಾಗೆ.

ತಪ್ಪು ಮಾಡಿದ್ಮೇಲೆ ಮನಸ್ಸಿಗೆ ಎರಡು ಥರ ಆಗಬಹುದು. ಒಂದು, "ನಾನು ಮಾಡಿದ್ದು ತಪ್ಪು". ಇನ್ನೊಂದು, "ನಾನೇ ಸರಿ ಇಲ್ಲ". ಕೇಳೋಕೆ ಎರಡೂ ಒಂದೇ ಅನ್ಸತ್ತೆ, ಆದ್ರೆ ಎರಡೂ ನಿಮ್ಮನ್ನ ಬೇರೆ ಬೇರೆ ಕಡೆಗೆ ಎಳೀತವೆ. ಮೊದಲನೇದು ಪಶ್ಚಾತ್ತಾಪ, ಅದು ನಿಮ್ಮನ್ನ ಎಬ್ಬಿಸಿ ಮಗಳ ಹತ್ರ ಕಳಿಸತ್ತೆ, ಏನೋ ಸರಿ ಮಾಡೋಕೆ. ಎರಡನೇದು ನಿಮ್ಮನ್ನ ಬಾತ್‌ರೂಮಿಗೆ ಕಳಿಸತ್ತೆ, ನಲ್ಲಿ ಬಿಡಿಸತ್ತೆ, ಎರಡು ದಿನ ಮುಖ ತಪ್ಪಿಸ್ಕೊಂಡು ಓಡಾಡಿಸತ್ತೆ. ಜೂನ್ ಟ್ಯಾಂಗ್ನಿ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞೆ 1990ರ ದಶಕದ ಶುರುವಿಂದ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆದು ನೋಡಿದ್ರು, "ನಾನೇ ಸರಿ ಇಲ್ಲ" ಅನ್ನೋ ಕಡೆ ವಾಲೋರಿಗೆ ಸಿಟ್ಟು ಜಾಸ್ತಿ, ಬೇರೆಯವರ ಮೇಲೆ ತಪ್ಪು ಹೊರಿಸೋದೂ ಜಾಸ್ತಿ ಅಂತ ಕಂಡುಬಂತು. ಅದಕ್ಕೂ ಮುಂಚೆ, 1971ರಲ್ಲೇ, ಹೆಲೆನ್ ಬ್ಲಾಕ್ ಲೂಯಿಸ್ ಅನ್ನೋರು ಥೆರಪಿಯಲ್ಲಿ ನಡೆದ ಮಾತುಕತೆಗಳನ್ನ ಸೂಕ್ಷ್ಮವಾಗಿ ಗಮನಿಸಿ, ನಾಚಿಕೆ ಒಳಗೆ ಇಳಿದ ಜಾಗದಿಂದಾನೇ ರೋಷ ಮೇಲೆ ಬರತ್ತೆ ಅಂತ ಬರೆದಿದ್ರು.

ಇದು ಹೇಗೆ ಅಂತ ನಿಮ್ಮ ಆ ಲೆಕ್ಕದ ಪುಸ್ತಕದ ಮೇಲೇ ಇಟ್ಟು ನೋಡಿ. ಮಗಳು ಮೂರನೇ ಸಲ ತಪ್ಪು ಮಾಡಿದಾಗ, ಪುಸ್ತಕ ಕಿತ್ಕೊಳ್ಳೋ ಮುಂಚಿನ ಆ ಅರ್ಧ ಸೆಕೆಂಡಲ್ಲಿ ನಿಮ್ಮ ತಲೇಲಿ ಏನು ಓಡಿತ್ತು? ಇದನ್ನ ನಾನು ತುಂಬಾ ಜನರಿಗೆ ಕೇಳಿದೀನಿ. ಮೊದಲು "ಇವಳಿಗೆ ಗಮನ ಇಲ್ಲ ಅನ್ನಿಸ್ತು" ಅಂತಾರೆ. ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ ಅದರ ಕೆಳಗಿರೋದು ಬರತ್ತೆ, "ನನಗೆ ಒಂದು ಲೆಕ್ಕ ಹೇಳಿಕೊಡೋಕೂ ಬರಲ್ಲ", "ನನ್ನ ಮಾತಿಗೆ ಈ ಮನೇಲಿ ಬೆಲೆ ಇಲ್ಲ", "ನಾನು ಅಪ್ಪ ಆಗೋಕೇ ಲಾಯಕ್ಕಿಲ್ಲ". ಹಿಂದಿನ ಸಲ ಕೂಗಾಡಿದ ಅಸಹ್ಯ ಇನ್ನೂ ಮನಸ್ಸಲ್ಲಿ ಹಸಿಯಾಗೇ ಇರತ್ತಲ್ಲ, ಅದರ ಮೇಲೆ ಮಗುವಿನ ಒಂದು ಸಣ್ಣ ತಪ್ಪು ಬಂದು ಬಿದ್ರೆ ಅದು ತಪ್ಪಾಗಿ ಕಾಣಲ್ಲ, ನಿಮ್ಮ ಬಗ್ಗೆ ಕೊಟ್ಟ ತೀರ್ಪಾಗಿ ಕಾಣತ್ತೆ. ಆ ನೋವನ್ನ ತಡ್ಕೊಳ್ಳೋದು ಕಷ್ಟ, ಸಿಟ್ಟು ಬಂದ ತಕ್ಷಣ ಆ ನೋವು ಮಾಯ ಆಗತ್ತೆ, ಒಂದು ಕ್ಷಣ ನೀವು ಸಣ್ಣವರಾಗೋ ಬದಲು ದೊಡ್ಡವರಾಗ್ತೀರಿ. ಹಾಗಾಗಿ ಸಿಟ್ಟು ಆ ಕ್ಷಣಕ್ಕೆ ಕೆಲಸ ಮಾಡತ್ತೆ, ಕೆಲಸ ಮಾಡತ್ತೆ ಅಂತಾನೇ ಅದು ಅಭ್ಯಾಸ ಆಗತ್ತೆ. ಹತ್ತು ನಿಮಿಷ ಆದ್ಮೇಲೆ ಮತ್ತೆ ನಾಚಿಕೆ, ಈ ಸಲ ಇನ್ನೊಂದು ಪದರ ದಪ್ಪ.

ಮತ್ತೆ ಆ ಎರಡು ದಿನ ಮುಖ ತಪ್ಪಿಸೋದಿದೆಯಲ್ಲ, ಅದನ್ನ ನೀವು ನಿಮಗೆ ಕೊಟ್ಕೊಳ್ಳೋ ಶಿಕ್ಷೆ ಅಂದ್ಕೊಂಡಿದೀರಿ, ಮಗಳ ಕಡೆಯಿಂದ ನೋಡಿದ್ರೆ ಅದು ಅವಳಿಗೆ ಕೊಟ್ಟ ಶಿಕ್ಷೆ. ಅಪ್ಪ ಕೂಗಿದ, ಆಮೇಲೆ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ, ಅಂದ್ರೆ ನಾನು ಏನೋ ತುಂಬಾ ದೊಡ್ಡ ತಪ್ಪು ಮಾಡಿದೀನಿ. 8 ವರ್ಷದ ಮಗು ಹೀಗೇ ಲೆಕ್ಕ ಹಾಕೋದು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

ಇನ್ನು "ಆಫೀಸಲ್ಲಿ ಒಂಥರಾ ಮನೇಲಿ ಇನ್ನೊಂಥರಾ, ಹಾಗಾದ್ರೆ ನಾನು ನಾಟಕ ಮಾಡ್ತಿದೀನಾ" ಅನ್ನೋ ಅನುಮಾನ. ನೀವು ನೇರವಾಗಿ ಕೇಳಿಲ್ಲ, ಆದ್ರೆ ಮೊದಲ ಎರಡು ಸಾಲಲ್ಲೇ ಅದು ಇಣುಕ್ತಾ ಇದೆ. ಮನೇಲಿರೋ ನೀವು ನಿಜ, ಆಫೀಸಲ್ಲಿರೋ ನೀವು ಸುಳ್ಳು ಅಂತೇನಿಲ್ಲ. ಜೇಮ್ಸ್ ಏವ್ರಿಲ್ ಅನ್ನೋರು 1980ರ ದಶಕದ ಶುರುವಲ್ಲಿ ಸಾಮಾನ್ಯ ಜನರಿಗೆ ನಿಮ್ಮ ಸಿಟ್ಟು ಯಾರ ಮೇಲೆ ಬಂತು, ಯಾಕೆ ಬಂತು ಅಂತ ಕೇಳಿ ನೋಡಿದಾಗ, ಜಾಸ್ತಿ ಸಿಟ್ಟು ಬರೋದು ಗೊತ್ತಿರೋರ ಮೇಲೆ, ಇಷ್ಟ ಇರೋರ ಮೇಲೆ, ಪ್ರೀತಿಸೋರ ಮೇಲೇ ಅಂತ ಸಿಕ್ತು. ಮನೆಯವರ ಹತ್ರ ನಮ್ಮ ನಿರೀಕ್ಷೆ ಜಾಸ್ತಿ, ಅವರು ಹೇಳಿದ ಒಂದು ಮಾತು ಜಾಸ್ತಿ ತಾಗತ್ತೆ, ಜೊತೆಗೆ ಅವರು ಬಿಟ್ಟು ಹೋಗಲ್ಲ ಅನ್ನೋ ಧೈರ್ಯ ಬೇರೆ.

ಅದರ ಮೇಲೆ ಇನ್ನೊಂದು ವಿಷಯ ಇದೆ, ಇದು ಪೂರ್ತಿ ದೇಹದ ಲೆಕ್ಕ. ದಿನವಿಡೀ ತಾಳ್ಮೆಯಿಂದ ಇರೋದು ಅಂದ್ರೆ ಆ ಉದ್ವೇಗ ಕರಗಿಹೋಯ್ತು ಅಂತಲ್ಲ, ಒಳಗೆ ಎದೆ ಬಡಿತ ಜೋರಾಗೇ ಇರತ್ತೆ, ಭುಜ ಬಿಗಿಯಾಗೇ ಇರತ್ತೆ, ನೀವು ಅದನ್ನ ಗಮನಿಸೋದು ಬಿಟ್ಟಿರ್ತೀರಿ ಅಷ್ಟೇ. ಡಾಲ್ಫ್ ಝಿಲ್ಮನ್ ಅನ್ನೋರು 1970ರ ದಶಕದಲ್ಲಿ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಕೆಣಕಿಸಿಕೊಂಡ ಜನರಿಗೆ ಜೋರಾಗಿ ಸೈಕಲ್ ತುಳಿಸಿದ ಮೇಲೆ ಕೆಣಕಿದೋರಿಗೆ ತಿರುಗಿಸಿ ಕೊಡೋ ಅವಕಾಶ ಕೊಟ್ರೆ, ತುಳಿಯದೇ ಇದ್ದೋರಿಗಿಂತ ಜಾಸ್ತಿ ಕಠಿಣವಾಗಿ ತಿರುಗಿಸಿ ಕೊಟ್ರು. ಸೈಕಲ್ ತುಳಿದಿದ್ದಕ್ಕೂ ಆ ಸಿಟ್ಟಿಗೂ ಸಂಬಂಧಾನೇ ಇಲ್ಲ, ಆದ್ರೆ ದೇಹದಲ್ಲಿ ಉಳಿದ ಬಿಸಿಗೆ ಅದು ಎಲ್ಲಿಂದ ಬಂತು ಅನ್ನೋ ಚೀಟಿ ಅಂಟಿಸಿರಲ್ಲ, ಎದುರಿಗೆ ಯಾರಿದ್ದಾರೋ ಅವರ ಹೆಸರಿಗೆ ಅದು ಜಮಾ ಆಗತ್ತೆ. ನಿಮ್ಮ ಮಗಳು ಮೂರನೇ ಸಲ ಮಾಡಿದ ತಪ್ಪಿಗೆ ಅವತ್ತಿನ ಇಡೀ ದಿನದ ಬಿಲ್ಲು ಹೋಯ್ತು.

ಆದ್ರೆ ಇಲ್ಲಿ ಒಂದು ಮಾತು ಬಿಡದೇ ಹೇಳ್ಬೇಕು. ಆಫೀಸಲ್ಲಿ ತಡ್ಕೊಳ್ಳೋಕೆ ಆಗತ್ತೆ ಅಂದ್ರೆ ನಿಮ್ಮ ಬ್ರೇಕ್ ಕೆಟ್ಟಿಲ್ಲ. "ನನ್ನ ಕಂಟ್ರೋಲಲ್ಲೇ ಇರಲಿಲ್ಲ" ಅಂತ ಹೆಂಡತಿಗೆ ಹೇಳ್ತಿದ್ರೆ ಆ ಮಾತನ್ನ ಇವತ್ತಿಂದ ಬಿಟ್ಟುಬಿಡಿ. ಪುಸ್ತಕ ಗೋಡೆಗೆ ಎಸೆದ್ರಿ, ಮಗಳ ಮೇಲೆ ಎಸೀಲಿಲ್ಲ, ಆ ಹೊತ್ತಲ್ಲೂ ನಿಮ್ಮೊಳಗೆ ಏನೋ ಒಂದು ಎಲ್ಲಿಗೆ ಎಸೀಬೇಕು ಅಂತ ನಿರ್ಧಾರ ಮಾಡಿದೆ. ನಿಮ್ಮನ್ನ ಚುಚ್ಚೋಕೆ ಹೇಳ್ತಿಲ್ಲ, ಕೆಲಸ ಮಾಡೋಕೆ ಹಿಡಿ ಸಿಗೋ ಜಾಗ ಇದೇ ಅಂತ ಹೇಳ್ತಿದೀನಿ.

ಸಿಟ್ಟು ಹಠಾತ್ತಾಗಿ ಬರತ್ತೆ ಅಂತ ತುಂಬಾ ಜನ ಹೇಳ್ತಾರಲ್ಲ, ಈಗ ಅದರ ಬಗ್ಗೆ. ಪೂರ್ತಿ ಹಠಾತ್ತಾಗಿ ಬಂದ ಸಿಟ್ಟನ್ನ ನಾನು ನೋಡಿರೋದು ತುಂಬಾ ಕಮ್ಮಿ. ಒಬ್ಬರ ವಿಷಯ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ನಲವತ್ತು ದಾಟಿದ ಹೆಣ್ಣುಮಗಳು, ಮರೆವು ಶುರುವಾಗಿರೋ ತಾಯಿನ ನೋಡ್ಕೋತಿದ್ರು. ತಾಯಿ ಒಂದೇ ಪ್ರಶ್ನೆನ ಹತ್ತು ಸಲ ಕೇಳೋರು, ಇವರು ವಾರಕ್ಕೆ ಎರಡು ಸಲ ಸಿಡಿಯೋರು, ಒಂದು ಸಲ ಲೋಟ ಎತ್ತಿ ಕುಕ್ಕಿದ ರಭಸಕ್ಕೆ ಅದು ಒಡೆದೇ ಹೋಯ್ತು. ಆಮೇಲೆ ರಾತ್ರಿಯೆಲ್ಲಾ ತಾಯಿ ಕಾಲ ಹತ್ರ ಕೂತು ಅಳೋದು. ತಾಯಿಗೆ ನಡೆದಿದ್ದು ನೆನಪಿರ್ತಿರಲಿಲ್ಲ, ಮಗಳು ಯಾಕೆ ಅಳ್ತಿದಾಳೆ ಅಂತ ಗೊತ್ತಾಗದೇ ಅವರೂ ಗಾಬರಿ ಆಗೋರು.

ನಾನು ಅವರಿಗೆ ಆರು ವಾರ ಒಂದೇ ಒಂದು ಕೆಲಸ ಕೊಟ್ಟೆ. ಸಿಡಿದ ಪ್ರತಿ ಸಲ, ಮನಸ್ಸು ತಣ್ಣಗಾದ ಮೇಲೆ, ಒಂದು ನೋಟ್‌ಬುಕ್ಕಲ್ಲಿ ಹಿಂದಕ್ಕೆ ಹಿಂದಕ್ಕೆ ಬರೀಬೇಕು. ಸಿಡಿದಿದ್ದು ಎಷ್ಟು ಗಂಟೆಗೆ, ಅದಕ್ಕೆ ಐದು ನಿಮಿಷ ಮುಂಚೆ ಏನು ನಡೀತಿತ್ತು, ಒಂದು ಗಂಟೆ ಮುಂಚೆ ಏನು, ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ, ಕೊನೇ ಸಲ ಊಟ ಮಾಡಿದ್ದು ಯಾವಾಗ, ಆಮೇಲೆ ಮೈಯಲ್ಲಿ ಮೊದಲು ಬಿಗಿಯಾಗಿದ್ದು ಎಲ್ಲಿ. "ನಾನು ಕೆಟ್ಟವಳು" ಥರದ ವಾಕ್ಯ ಬರೆಯೋ ಹಾಗಿಲ್ಲ, ಅದು ಷರತ್ತು. ಮೊದಲೆರಡು ವಾರ ಅವರಿಗೆ ಇದು ತುಂಬಾ ಕಷ್ಟ ಆಯ್ತು, ಬೈಕೊಳ್ಳದೇ ಬರೆದ್ರೆ ತಪ್ಪಿಸ್ಕೊಂಡ ಹಾಗೆ ಅನ್ಸತ್ತೆ ಅಂದ್ರು. ಆರು ವಾರ ಆದ್ಮೇಲೆ ಹನ್ನೊಂದು ಘಟನೆ ಇತ್ತು ಪುಸ್ತಕದಲ್ಲಿ, ಅದರಲ್ಲಿ ಒಂಬತ್ತು ಸಂಜೆ ಆರೂವರೆಯಿಂದ ಎಂಟರ ಒಳಗೆ, ಕೆಲಸದಿಂದ ಬಂದು ಬಟ್ಟೆ ಬದಲಾಯಿಸೋಕೂ ಮುಂಚೆ ಅಥವಾ ಬದಲಾಯಿಸಿದ ಸ್ವಲ್ಪ ಹೊತ್ತಿಗೆ. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರ್ತಿರಲಿಲ್ಲ. ರಾತ್ರಿ ತಾಯಿ ಎದ್ದು ಓಡಾಡಿದ ಮಾರನೇ ದಿನವಂತೂ ಗ್ಯಾರಂಟಿ. ಇನ್ನೊಂದು, ಇದನ್ನ ಅವರೇ ಕಂಡ್ಕೊಂಡಿದ್ದು, ಸಿಡಿಯೋ ಮುಂಚೆ ಅವರ ಉತ್ತರ ಒಂದೊಂದೇ ಪದಕ್ಕೆ ಇಳೀತಿತ್ತು, ಪಾತ್ರೆ ಇಡೋ ಸದ್ದು ಜೋರಾಗ್ತಿತ್ತು, ದವಡೆ ಕಚ್ಚಿ ಹಿಡಿದಿರ್ತಿತ್ತು, ಆಮೇಲೆ ತಲೇಲಿ ಒಂದೇ ವಾಕ್ಯ ಬರ್ತಿತ್ತು, "ಎಷ್ಟು ಸಲ ಹೇಳ್ಬೇಕು". ಆ ವಾಕ್ಯ ಬಂದ ಮೇಲೆ ಉಳಿಯೋದು ಒಂದೆರಡು ನಿಮಿಷ ಮಾತ್ರ.

ನಾವು ಬದಲಾಯಿಸಿದ್ದು ಬಹಳ ಸಣ್ಣ ಸಣ್ಣ ವಿಷಯ. ಕೆಲಸದಿಂದ ಬಂದ ತಕ್ಷಣ ಇಪ್ಪತ್ತು ನಿಮಿಷ ಒಬ್ಬರೇ, ಏನಾದ್ರೂ ತಿಂದು, ಆಮೇಲೆ ತಾಯಿ ರೂಮಿಗೆ. ತಾಯಿ ಪದೇ ಪದೇ ಕೇಳೋ ಪ್ರಶ್ನೆಗೆ ಉತ್ತರನ ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಎದುರಿಗೆ ಅಂಟಿಸಿದ್ರು. ಪಾತ್ರೆ ಸದ್ದು ಜೋರಾಯ್ತು ಅಂದ್ರೆ ಅದೇ ಅಲಾರಂ, ಕೈಯಲ್ಲಿರೋದನ್ನ ಇಟ್ಟು ಅಲ್ಲಿಂದ ಹೊರಗೆ ಬರೋದು. ನಾಲ್ಕು ತಿಂಗಳಲ್ಲಿ ವಾರಕ್ಕೆ ಎರಡು ಇದ್ದಿದ್ದು ಮೂರು ವಾರಕ್ಕೊಂದು ಆಯ್ತು. ಸೊನ್ನೆ ಆಗಲಿಲ್ಲ. ಮಧ್ಯೆ ಮೂರು ರಾತ್ರಿ ನಿದ್ದೆಗೆಟ್ಟಾಗ ಒಂದು ಸಲ ಮೊದಲಿನಷ್ಟೇ ಜೋರಾಗಿ ಸಿಡಿದ್ರು, ಎಲ್ಲಾ ವ್ಯರ್ಥ ಅಂದ್ಕೊಂಡು ನೋಟ್‌ಬುಕ್ ಬರೆಯೋದೇ ನಿಲ್ಸಿದ್ರು, ಮತ್ತೆ ಶುರು ಮಾಡಿಸೋಕೆ ಎರಡು ವಾರ ಹಿಡೀತು. ನಿಮಗೂ ಅಂಥದ್ದೊಂದು ದಿನ ಬರತ್ತೆ, ಅವತ್ತು ನೋಟ್‌ಬುಕ್ ಮುಚ್ಚಬೇಡಿ.

ನಿದ್ದೆ ವಿಷಯ ಸುಮ್ನೆ ಸೇರಿಸಿದ್ದಲ್ಲ. 2019ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಎರಡೇ ರಾತ್ರಿ ಎರಡರಿಂದ ನಾಲ್ಕು ಗಂಟೆ ನಿದ್ದೆ ಕಮ್ಮಿ ಮಾಡಿಸಿದ್ರು, ಆಮೇಲೆ ಕಿರಿಕಿರಿ ಮಾಡೋ ಸದ್ದು ಕೇಳಿಸಿದಾಗ ನಿದ್ದೆ ಮಾಡಿ ಬಂದೋರಿಗಿಂತ ಇವರಿಗೆ ಸಿಟ್ಟು ಜಾಸ್ತಿ ಬಂತು. ಎರಡೇ ರಾತ್ರಿ.

ದಿಂಬಿಗೆ ಗುದ್ದೋ ವಿಷಯಕ್ಕೆ ಬರ್ತೀನಿ. ನಿಮ್ಮ ಫ್ರೆಂಡ್ ಒಳ್ಳೇ ಮನಸ್ಸಿಂದಾನೇ ಹೇಳಿರ್ತಾರೆ, ಸಿಟ್ಟು ಅಂದ್ರೆ ಕುಕ್ಕರ್ ಒಳಗಿನ ಹಬೆ ಥರ, ಹೊರಗೆ ಬಿಟ್ರೆ ಖಾಲಿ ಆಗತ್ತೆ ಅನ್ನೋ ಕಲ್ಪನೆ ತುಂಬಾ ಹಳೇದು. ಇದು ತಪ್ಪು ಅಂತ ಚೆನ್ನಾಗಿ ಪರೀಕ್ಷೆ ಆಗಿದೆ. ಬ್ರ್ಯಾಡ್ ಬುಶ್‌ಮನ್ ಅನ್ನೋ ಮನಃಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದ ವ್ಯಕ್ತಿನ ನೆನೆಸ್ಕೊಂಡು ಪಂಚಿಂಗ್ ಬ್ಯಾಗಿಗೆ ಗುದ್ದಿದೋರು ಕೊನೆಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟಾಗಿದ್ರು, ಎರಡು ನಿಮಿಷ ಸುಮ್ನೆ ಕೂತಿದ್ದೋರು ಅವರಿಗಿಂತ ಶಾಂತವಾಗಿದ್ರು. 2024ರಲ್ಲಿ ಅವರೂ ಸೋಫಿ ಶೆರ್ವಿಕ್ ಅನ್ನೋರೂ ಸೇರಿ 154 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ್ಲೂ ಅದೇ ಸಿಕ್ತು, ದೇಹದ ಉದ್ವೇಗ ಇಳಿಸೋದೆಲ್ಲ ಸಿಟ್ಟು ಇಳಿಸತ್ತೆ, ಏರಿಸೋದು ಇಳಿಸಲ್ಲ, ಓಡೋದೂ ಅಷ್ಟೇ. ಓಟ ಹೃದಯಕ್ಕೆ ಒಳ್ಳೇದು, ಸಿಟ್ಟು ತಲೆಗೇರಿದ ಹೊತ್ತಲ್ಲಿ ಅದು ಔಷಧಿ ಅಲ್ಲ. ದಿಂಬಿಗೆ ಗುದ್ದಿದ್ರೆ ಕೈಗೆ ಅಭ್ಯಾಸ ಆಗೋದು ಗುದ್ದೋದೇ.

ಹಾಗಾದ್ರೆ ಆ ಹೊತ್ತಲ್ಲಿ ಏನು ಮಾಡೋದು? ಎದೆ ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿಗಿರೋರ ಮಾತು ಕಿವಿಗೆ ಬೀಳತ್ತೆ, ತಲೆಗೆ ಹೋಗಲ್ಲ. ದಂಪತಿಗಳ ಜಗಳನ ಯಂತ್ರ ಇಟ್ಟು ಅಳೆದ ಜಾನ್ ಗಾಟ್ಮನ್ ಅವರ ಕೆಲಸದಿಂದ ಈ ಅಂಕಿ ಬಂದಿದ್ದು, ಅಲ್ಲಿಂದ ದೇಹ ಇಳಿಯೋಕೆ ಕನಿಷ್ಠ 20 ನಿಮಿಷ ಬೇಕು ಅನ್ನೋದೂ ಅಲ್ಲಿಂದಾನೇ. ಆದ್ದರಿಂದ ಆ ಹೊತ್ತಲ್ಲಿ ಕೂತು ವಿಷಯ ಬಗೆಹರಿಸ್ತೀನಿ ಅಂತ ಹೋಗ್ಬೇಡಿ, ಎದ್ದು ಬರೋದೇ ಸರಿ. ಆದ್ರೆ ಎದ್ದು ಬರೋದಕ್ಕೂ ಒಂದು ರೀತಿ ಇದೆ, ಅದು ತಪ್ಪಿದ್ರೆ ಇದೇ ಇನ್ನೊಂದು ಗಾಯ ಆಗತ್ತೆ.

ಎಲ್ಲರೂ ಶಾಂತವಾಗಿರೋ ದಿನ, ಹೆಂಡತಿ ಮಗಳು ಇಬ್ಬರನ್ನೂ ಕೂರಿಸ್ಕೊಂಡು ಮೊದಲೇ ಹೇಳಿ, "ನಂಗೆ ಸಿಟ್ಟು ಏರ್ತಿದೆ ಅಂತ ಗೊತ್ತಾದ್ರೆ ನಾನು ಅರ್ಧ ಗಂಟೆ ಆ ರೂಮಿಗೆ ಹೋಗ್ತೀನಿ, ಆಮೇಲೆ ವಾಪಸ್ ಬರ್ತೀನಿ". ಆ ಹೊತ್ತು ಬಂದಾಗ ಒಂದೇ ವಾಕ್ಯ, "ನಂಗೆ ಏರ್ತಿದೆ, ಅರ್ಧ ಗಂಟೆ, ಬರ್ತೀನಿ". ಬಾಗಿಲು ಬಡಿಯೋ ಹಾಗಿಲ್ಲ, ಹೋಗ್ತಾ ಕೊನೇ ಮಾತೊಂದು ಎಸೆದು ಹೋಗೋ ಹಾಗಿಲ್ಲ, ಗಾಡಿ ತಗೊಂಡು ಹೊರಡೋದಂತೂ ಬೇಡವೇ ಬೇಡ. ಮನೇಲಿ ನೀವು ಮಗು ಇಬ್ಬರೇ ಇದ್ರೆ ಪಕ್ಕದ ರೂಮು, ಬಾಗಿಲು ತೆರೆದಿರಲಿ. ಒಳಗೆ ಕೂತು ಉಸಿರು ಒಳಗೆ ತಗೊಳ್ಳೋವಾಗ ನಾಲ್ಕು ಎಣಿಸಿ, ಬಿಡೋವಾಗ ಆರು ಎಣಿಸಿ, ಅಂದ್ರೆ ನಿಮಿಷಕ್ಕೆ ಸುಮಾರು ಆರು ಉಸಿರು, ಐದು ನಿಮಿಷ ಹಾಗೆ. ಉಸಿರು ಬಿಡೋದು ಉದ್ದ ಇರಬೇಕು, ಎದೆ ಬಡಿತ ಇಳಿಯೋದು ಆ ಭಾಗದಲ್ಲೇ. ತಲೆ ಸುತ್ತಿದ್ರೆ ಎಣಿಸೋದು ಬಿಟ್ಟು ಮಾಮೂಲಾಗಿ ಉಸಿರಾಡಿ.

ಇದರಲ್ಲಿ ಜನ ಎಡವೋ ಜಾಗ ಒಂದಿದೆ. ರೂಮಿಗೆ ಹೋಗಿ ಕೂತ್ಕೊಂಡು "ಅವಳು ಹಾಗಂದ್ಲು, ನಾನು ಹೀಗನ್ನಬೇಕಿತ್ತು" ಅಂತ ಮನಸ್ಸಲ್ಲೇ ಕೇಸು ನಡೆಸ್ತಾ ಇದ್ರೆ ಇಪ್ಪತ್ತು ನಿಮಿಷ ಅಲ್ಲ ಎರಡು ಗಂಟೆ ಆದ್ರೂ ಇಳಿಯಲ್ಲ, ಹೊರಗೆ ಬರೋವಾಗ ಹೋದಾಗಿನಕ್ಕಿಂತ ಜಾಸ್ತಿ ಕಾದಿರ್ತೀರಿ. ಬಟ್ಟೆ ಮಡಚಿ, ಏನಾದ್ರೂ ಓದಿ, ಕೈಗೆ ತಣ್ಣೀರು ಬಿಡಿ, ಗಮನ ಬೇರೆ ಕಡೆ ಹೋಗ್ಬೇಕು. ಆಮೇಲೆ, ಹೇಳಿದ ಹೊತ್ತಿಗೆ ವಾಪಸ್ ಬರಲೇಬೇಕು. ಇನ್ನೂ ಇಳಿದಿಲ್ಲ ಅಂದ್ರೆ ಬಾಗಿಲಿಗೆ ಬಂದು "ಇನ್ನೊಂದರ್ಧ ಗಂಟೆ" ಅಂತ ಹೇಳಿ ಹೋಗಿ. ವಾಪಸ್ ಬರದೇ ಇದ್ರೆ ಇದು ಮಾತು ಬಿಡೋದಾಗತ್ತೆ, ಆ ಎರಡು ದಿನದ ಮೌನಕ್ಕೂ ಇದಕ್ಕೂ ವ್ಯತ್ಯಾಸ ಇರಲ್ಲ.

ಕ್ಷಮೆ ಕೇಳೋದರ ಬಗ್ಗೆ ನೀವು ಏನೂ ಬರೆದಿಲ್ಲ, ಅದಕ್ಕೇ ಕೇಳ್ಬೇಕು ಅನ್ನಿಸ್ತು, ಮಗಳ ಹತ್ರ ಏನು ಹೇಳಿದ್ರಿ? ತುಂಬಾ ಜನ ಒಂದೋ ಏನೂ ಹೇಳದೇ ಮಾರನೇ ದಿನ ಏನಾದ್ರೂ ತಂದ್ಕೊಡ್ತಾರೆ, ಇಲ್ಲಾ ಮಗುನ ತಬ್ಕೊಂಡು "ಅಪ್ಪ ಕೆಟ್ಟವನು ಪುಟ್ಟಿ, ಅಪ್ಪಂಗೆ ಬುದ್ಧಿ ಇಲ್ಲ" ಅಂತ ಅಳ್ತಾರೆ. ಎರಡನೇದು ನೋಡೋಕೆ ಕರುಳು ಚುರುಕ್ ಅನ್ನತ್ತೆ, ಆದ್ರೆ ಅಲ್ಲಿ ನಡೀತಿರೋದು ಏನು ನೋಡಿ, ಹೆದರಿದ ಮಗು ಈಗ ಅಪ್ಪನ ಕಣ್ಣೀರು ಒರೆಸ್ಬೇಕು, "ಪರ್ವಾಗಿಲ್ಲ ಅಪ್ಪ" ಅನ್ನಬೇಕು. ಅವಳ ಹೆದರಿಕೆಗೆ ಜಾಗಾನೇ ಇಲ್ಲ. ಅದು ನಿಮ್ಮ ನಾಚಿಕೆನ ಅವಳ ತೊಡೆ ಮೇಲೆ ಇಟ್ಟ ಹಾಗೆ.

ಅವಳಿಗೆ ಬೇಕಿರೋದು ನಾಲ್ಕೇ ಮಾತು, ನೆಲದ ಮೇಲೆ ಅವಳ ಮಟ್ಟಕ್ಕೆ ಕೂತು, ಅವತ್ತೇ ಅಥವಾ ಮಾರನೇ ದಿನ ಬೆಳಗ್ಗೆ. "ನಾನು ನಿನ್ನ ಪುಸ್ತಕ ಎಸೆದೆ, ಜೋರಾಗಿ ಕೂಗಿದೆ. ಅದು ತಪ್ಪು. ಲೆಕ್ಕ ತಪ್ಪಾಗೋದು ತಪ್ಪಲ್ಲ, ಇದು ನಿನ್ನಿಂದ ಆಗಿದ್ದಲ್ಲ. ನಂಗೆ ಸಿಟ್ಟು ಏರಿದ್ರೆ ಇನ್ಮೇಲೆ ಎದ್ದು ಆಚೆ ಹೋಗ್ತೀನಿ." ಆಮೇಲೆ ಸುಮ್ನಿರಿ. ಅವಳು ಏನಾದ್ರೂ ಹೇಳಿದ್ರೆ ಕೇಳಿ, "ನಂಗೆ ಭಯ ಆಯ್ತು" ಅಂದ್ರೆ "ಹೌದು, ಆಗಿರತ್ತೆ" ಅನ್ನಿ, ವಿವರಣೆ ಕೊಡಬೇಡಿ. ಏನೂ ಹೇಳದೇ ಎದ್ದು ಹೋದ್ರೂ ಸರಿ. ಇನ್ಯಾವತ್ತೂ ಕೂಗಲ್ಲ ಅಂತ ಮಾತು ಕೊಡಬೇಡಿ, ಅದು ಮುರಿಯತ್ತೆ, ಮುರಿದಾಗ ನಿಮಗೆ ಇನ್ನೊಂದು ಪದರ ನಾಚಿಕೆ, ಅವಳಿಗೆ ನಿಮ್ಮ ಮಾತಿನ ಮೇಲೆ ಅನುಮಾನ. ಹೆಂಡತಿ ಹತ್ರ ಬೇರೆಯಾಗಿ ಕೂತು ಮಾತಾಡಿ, ಮಗಳ ಎದುರಿಗೆ ಬೇಡ. ಪುಸ್ತಕದ ಹಾಳೆ ಹರಿದಿದ್ರೆ ನೀವೇ ಅಂಟಿಸಿ ಕೊಡಿ.

ಹೆಂಡತಿ ಹತ್ರ ಕೂತಾಗ ಒಂದು ಪ್ರಶ್ನೆ ಕೇಳಿ, "ನಿಂಗೆ ನನ್ನ ಕಂಡ್ರೆ ಭಯ ಆಗತ್ತಾ?". ಉತ್ತರ ಏನೇ ಬಂದ್ರೂ ಮಧ್ಯೆ ಬಾಯಿ ಹಾಕದೇ ಕೇಳಿ. ಕೈ ಮಾಡಿಲ್ಲ ಅನ್ನೋದು ನಿಮಗೆ ದೊಡ್ಡ ಸಮಾಧಾನ ಅಂತ ನಿಮ್ಮ ಪತ್ರದಲ್ಲೇ ಕಾಣತ್ತೆ, ಆದ್ರೆ ಗೋಡೆಗೆ ಬಡಿದ ಪುಸ್ತಕ ನೋಡಿದೋರು ಮುಂದಿನ ಸಲ ಅದು ಎಲ್ಲಿಗೆ ಬರತ್ತೋ ಅಂತ ಯೋಚನೆ ಮಾಡೇ ಮಾಡ್ತಾರೆ. ಯಾವತ್ತಾದ್ರೂ ಕೈ ಮುಟ್ಟಿತು, ಬಾಗಿಲಿಗೆ ಅಡ್ಡ ನಿಂತ್ರಿ, ಬೆದರಿಸಿದ್ರಿ ಅಂದ್ರೆ ಅವತ್ತಿಂದ ಉಸಿರಾಟ, ನೋಟ್‌ಬುಕ್ ಎಲ್ಲಾ ಎರಡನೇ ಮಾತು, ಮೊದಲು ಅವರಿಬ್ಬರೂ ಸುರಕ್ಷಿತವಾಗಿರೋ ಹಾಗೆ ಬೇರೆ ಇರೋದು, ನೀವು ಒಬ್ಬರೇ ಹೋಗಿ ಚಿಕಿತ್ಸೆ ತಗೊಳ್ಳೋದು. ಹೆಂಡತಿಗೆ ಭಯ ಇದ್ರೆ ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗಿಗೆ ಹೋಗೋದು ಕೂಡ ಅಷ್ಟು ಒಳ್ಳೇದಲ್ಲ, ನಿಮ್ಮೆದುರು ಅವರು ನಿಜ ಹೇಳಿದ್ರೆ ಮನೆಗೆ ಬಂದ ಮೇಲೆ ಏನಾಗತ್ತೋ ಅನ್ನೋ ಲೆಕ್ಕದಲ್ಲೇ ಮಾತಾಡ್ತಾರೆ.

ಅಪ್ಪನಿಂದ ಬಂದಿದ್ದಾ ಅಂದ್ರೆ, ಬೇಗ ಕೆರಳೋ ಸ್ವಭಾವ ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬರತ್ತೆ, ಅದು ನಿಜ. ಆದ್ರೆ ಕೆರಳಿದಾಗ ಏನು ಮಾಡ್ಬೇಕು ಅನ್ನೋದು ನೋಡಿ ಕಲಿತಿದ್ದು, ಪುಸ್ತಕ ಎಸೆಯೋದು ರಕ್ತದಲ್ಲಿ ಬರಲ್ಲ. ನಿಮ್ಮಪ್ಪ ಕೂಗಾಡಿದ ಮೇಲೆ ಯಾವತ್ತಾದ್ರೂ ನಿಮ್ಮ ಹತ್ರ ಬಂದು ಕೂತಿದ್ರಾ? ಬಂದಿರಲಿಲ್ಲ ಅಂದ್ರೆ ಆಮೇಲೇನು ಮಾಡ್ಬೇಕು ಅನ್ನೋದನ್ನ ನೀವು ನೋಡೇ ಇಲ್ಲ, ಅದನ್ನ ಈಗ ಹೊಸದಾಗಿ ಕಲೀಬೇಕು, ಅದಕ್ಕೇ ಅಷ್ಟು ವಿವರವಾಗಿ ಬರೆದೆ.

ಇದರ ಜೊತೆಗೆ ಒಂದು ಸಲ ಡಾಕ್ಟರ್ ಹತ್ರ ಹೋಗಿ ಬನ್ನಿ, ಇದನ್ನ ನಾನು ಎಲ್ಲರಿಗೂ ಹೇಳ್ತೀನಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದ್ರೆ ಕಿರಿಕಿರಿ ಬರತ್ತೆ, ಸ್ಟೀರಾಯ್ಡ್ ಮಾತ್ರೆ, ಫಿಟ್ಸಿಗೆ ಕೊಡೋ ಲೆವಿಟಿರಾಸಿಟಾಮ್ ಥರದ ಔಷಧಿಗಳಿಂದಾನೂ ಸಿಟ್ಟು ಬರಬಹುದು, ಹಾಗಂತ ನೀವಾಗೇ ಮಾತ್ರೆ ನಿಲ್ಸಬೇಡಿ. ಕುಡಿಯೋ ಅಭ್ಯಾಸ ಇದ್ರೆ ನೋಟ್‌ಬುಕ್ಕಲ್ಲಿ ಅದನ್ನೂ ಬರೀರಿ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳು ಬೇಜಾರಾಗಿ ಕಾಣಲ್ಲ, ಸಿಡುಕಾಗೇ ಕಾಣತ್ತೆ. ಬೆಳಗ್ಗೆ ಏಳೋಕೇ ಬೇಡ ಅನ್ಸೋದು, ಮೊದಲು ಇಷ್ಟ ಇದ್ದಿದ್ದು ಈಗ ರುಚಿಸದೇ ಇರೋದು ಎರಡು ವಾರಕ್ಕಿಂತ ಜಾಸ್ತಿ ಇದ್ರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ನಿಮ್ಮ ಮೇಲೆ ನಿಮಗೇ ಅಸಹ್ಯ ಅಂತ ಬರೆದಿದೀರಿ, ಬದುಕಿರೋದೇ ಬೇಡ ಅನ್ನೋವರೆಗೂ ಅದು ಹೋಗ್ತಿದ್ರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಇವತ್ತೇ ಯಾರಿಗಾದ್ರೂ ಹೇಳಿ ಆಸ್ಪತ್ರೆಗೆ ಹೋಗಿ.

ಸಿಟ್ಟಿನದ್ದೇ ಒಂದು ಕಾಯಿಲೆ ಇದೆ, ಇಂಟರ್‌ಮಿಟೆಂಟ್ ಎಕ್ಸ್‌ಪ್ಲೋಸಿವ್ ಡಿಸಾರ್ಡರ್ ಅಂತಾರೆ. ಸುಮಾರು ವಾರಕ್ಕೆ ಎರಡು ಸಲದ ಹಾಗೆ ಮೂರು ತಿಂಗಳು ಬೈದಾಟ ಕೂಗಾಟ ನಡೀತಿರಬೇಕು, ಇಲ್ಲಾ ವಸ್ತು ಒಡೆಯೋ ಅಥವಾ ಮೈಗೆ ಗಾಯ ಮಾಡೋ ಘಟನೆ ಒಂದು ವರ್ಷದಲ್ಲಿ ಮೂರು ಆಗಿರಬೇಕು, ಆಗ ಅದರ ಬಗ್ಗೆ ಯೋಚನೆ ಮಾಡ್ತೀವಿ. ನೀವು ಹೇಳಿದ ಲೆಕ್ಕ ಅಷ್ಟಕ್ಕೆ ಬರಲ್ಲ, ಆದ್ರೆ ಎದುರಿಗೆ ಕೂತು ನೋಡದೇ ಯಾರೂ ಇದನ್ನ ತೀರ್ಮಾನ ಮಾಡೋಕಾಗಲ್ಲ. ಚಿಕಿತ್ಸೆ ಅಂತ ಬಂದ್ರೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ ವಾರಕ್ಕೊಂದರ ಹಾಗೆ ಹನ್ನೆರಡು ಸಿಟ್ಟಿಂಗ್. ಕೆಲವರಿಗೆ ಸೈಕಿಯಾಟ್ರಿಸ್ಟ್ ಫ್ಲೂಆಕ್ಸೆಟಿನ್ ಥರದ ಮಾತ್ರೆ ಕೊಡ್ತಾರೆ, ಸಿಡಿಯೋದು ಕಮ್ಮಿ ಆಗತ್ತೆ, ಆದ್ರೆ ಪರಿಣಾಮ ಕಾಣೋಕೆ ವಾರಗಳು ಬೇಕು, ಶುರುವಲ್ಲಿ ಕೆಲವರಿಗೆ ಚಡಪಡಿಕೆ ಜಾಸ್ತಿನೇ ಆಗಬಹುದು, ಎಲ್ಲರಿಗೂ ಒಗ್ಗಲ್ಲ. ಮಾತ್ರೆ ಕ್ಷಮೆ ಕೇಳಿಕೊಡಲ್ಲ, ಅದು ನಿಮ್ಮ ಕೆಲಸಾನೇ.

ಸದ್ಯಕ್ಕೆ ಒಂದು ತಿಂಗಳು ಲೆಕ್ಕ ಹೇಳಿಕೊಡೋ ಕೆಲಸ ಹೆಂಡತಿಗೆ ಬಿಡಿ ಅಥವಾ ರಜೆ ದಿನ ಬೆಳಗ್ಗೆ ಮಾಡಿ, ಕೆಲಸದಿಂದ ಬಂದ ಕೂಡಲೇ ಬೇಡ. ಮೊದಲ ವಾರ ನೋಟ್‌ಬುಕ್ ಒಂದೇ ಸಾಕು, ಉಳಿದಿದ್ದು ಆಮೇಲೆ.

ಆಮೇಲೆ ಆ "ಅಪ್ಪಾ, ನಿಂಗೆ ಕೋಪ ಬಂದಿದ್ಯಾ?" ಅನ್ನೋ ಪ್ರಶ್ನೆ. ಅದನ್ನ ಕೇಳಿ ನಿಮ್ಮ ಎದೆ ಒಡೆದಿದೆ ಅಂತ ಗೊತ್ತಾಗತ್ತೆ, ಆದ್ರೆ ಆ ಮಗು ಇನ್ನೂ ಕೇಳ್ತಿದೆ, ಕೇಳೋದು ಬಿಟ್ಟಿದ್ರೆ ನಂಗೆ ಜಾಸ್ತಿ ಯೋಚನೆ ಆಗ್ತಿತ್ತು. ಅವಳು ಕೇಳಿದಾಗ ಬಿಗಿದ ಮುಖದಲ್ಲಿ "ಇಲ್ಲ" ಅನ್ನಬೇಡಿ, ಅವಳಿಗೆ ನಿಮ್ಮ ಮುಖ ಓದೋಕೆ ನಿಮಗಿಂತ ಚೆನ್ನಾಗಿ ಬರತ್ತೆ, ನೀವು ಇಲ್ಲ ಅಂದ್ರೆ ಅವಳು ತನ್ನ ಕಣ್ಣನ್ನೇ ನಂಬೋದು ಬಿಡ್ತಾಳೆ. ಬಂದಿಲ್ಲ ಅಂದ್ರೆ "ಇಲ್ಲ ಪುಟ್ಟಿ, ಸುಸ್ತಾಗಿದೆ ಅಷ್ಟೇ, ಹೇಳು" ಅನ್ನಿ. ಬಂದಿದ್ರೆ "ಹೂಂ, ಸ್ವಲ್ಪ ಬಂದಿದೆ, ನಿನ್ನ ಮೇಲಲ್ಲ, ಹತ್ತು ನಿಮಿಷ ಕೊಡು, ನಾನೇ ಬಂದು ಕೇಳ್ತೀನಿ" ಅನ್ನಿ, ಹತ್ತನೇ ನಿಮಿಷಕ್ಕೆ ಅವಳ ಹತ್ರ ಹೋಗಿ ಕೂತು "ಏನೋ ಕೇಳ್ಬೇಕಿತ್ತಲ್ಲ, ಈಗ ಹೇಳು" ಅನ್ನಿ. ತಿಂಗಳುಗಟ್ಟಲೆ ಅವಳು ಹೀಗೇ ಕೇಳ್ತಾ ಇರಬಹುದು, ಪ್ರತಿ ಸಲ ಹಾಗೇ ಉತ್ತರ ಕೊಡಿ.